ಕಾಂಪೌಂಡ್ ಗೋಡೆ ಒಂದೇ, ಅಂದಾಜು ಮೂರು ಯಾಕೆ?

ಪ್ರಶ್ನೆ: ಹುಬ್ಬಳ್ಳಿಯಲ್ಲಿ ನಮ್ಮ ಸೈಟಿಗೆ 120 ಅಡಿ ಉದ್ದ, 5 ಅಡಿ ಎತ್ತರದ ಕಾಂಪೌಂಡ್ ಕಟ್ಟಿಸಬೇಕು. ಒಬ್ಬರು 1.80 ಲಕ್ಷ ಅಂತಾರೆ, ಇನ್ನೊಬ್ಬರು 2.10, ಮತ್ತೊಬ್ಬರು 2.37. ಯಾರನ್ನು ನಂಬಲಿ ಸರ್?

ಉತ್ತರ: ಮೂವರೂ ಲೆಕ್ಕ ಹಾಕಿದ ದಾರಿ ಬೇರೆ ಬೇರೆ. ನೀವು ಕಳಿಸಿದ ಚೀಟಿಗಳಲ್ಲೇ ಅದು ಕಾಣುತ್ತದೆ.

ಮೊದಲನೆಯವರದು ಹೋಲಿಕೆ ಅಂದಾಜು. ಹಿಂದೆ ಕಟ್ಟಿದ 100 ಅಡಿ ಗೋಡೆಗೆ 1.50 ಲಕ್ಷ ಆಗಿತ್ತು, ನಿಮ್ಮದು 20 ಅಡಿ ಜಾಸ್ತಿ, ಹಾಗಾಗಿ 1.80. ಆದರೆ ಆ ಗೋಡೆಯ ಎತ್ತರ 4 ಅಡಿ ಅಂತ ಅವರೇ ಬರೆದಿದ್ದಾರೆ. ಹಾಗಂತ ಪೂರ್ತಿ ಮೊತ್ತವನ್ನು ಸುಮ್ನೆ ಐದು-ನಾಲ್ಕರ ಲೆಕ್ಕದಲ್ಲಿ ಏರಿಸಬಾರದು. ಎತ್ತರ ಒಂದಡಿ ಏರಿದರೆ ಪಾಯದ ಖರ್ಚು ಹೆಚ್ಚುಕಮ್ಮಿ ಅಷ್ಟೇ ಇರುತ್ತದೆ ಅಲ್ವಾ? ಆ 1.50ರಲ್ಲಿ ಪಾಯ 60,000, ಮೇಲಿನ ಗೋಡೆ 90,000 ಅಂತ ಹಿಡಿಯಿರಿ. ಗೋಡೆ ಮಾತ್ರ 1,12,500ಕ್ಕೆ ಏರುತ್ತದೆ. ಪಾಯ ಸೇರಿಸಿ 120 ಅಡಿಗೆ ತಂದರೆ 2.07 ಲಕ್ಷ.

ಎರಡನೆಯವರದು ಪ್ಯಾರಾಮೆಟ್ರಿಕ್. ರನ್ನಿಂಗ್ ಅಡಿಗೆ 1,750 ರೂಪಾಯಿ, ಗುಣಿಸು 120. ಸರಿಪಡಿಸಿದ ಮೊದಲ ಅಂದಾಜಿಗೆ ಇದು ಹತ್ತಿರ ಬಂತು ನೋಡಿ. ಈ ದರ ಹಲವು ಗೋಡೆಗಳ ಸರಾಸರಿಯಿಂದ ಬಂದಿದ್ದರೆ ಒಳ್ಳೆಯದೇ. ಆದರೆ ಆ ಗೋಡೆಗಳು ಎಂಥ ನೆಲದ ಮೇಲೆ ನಿಂತಿವೆ ಅಂತ ಕೇಳಲೇಬೇಕು.

ಮೂರನೆಯವರು ತಳದಿಂದ, ಒಂದೊಂದೇ ಬಾಬತ್ತು ಬರೆದಿದ್ದಾರೆ. ಅಂದರೆ ಬಾಟಮ್-ಅಪ್. 16 ಇಂಚು ಉದ್ದ, 8 ಇಂಚು ಎತ್ತರದ ಸಾಲಿಡ್ ಬ್ಲಾಕ್, 600 ಚದರ ಅಡಿಗೆ 675. ಗಾರೆಯ ಸಂದು ಕಳೆದರೆ ಸ್ವಲ್ಪ ಕಡಿಮೆ ಸಾಕು, ಉಳಿದದ್ದು ಒಡೆಯುವುದಕ್ಕೆ ಸರಿಹೋಗುತ್ತದೆ. ಒಂದಕ್ಕೆ 42ರಂತೆ 28,350. ಎರಡಡಿ ಅಗಲ, ಎರಡೂವರೆ ಅಡಿ ಆಳದ ಪಾಯ 600 ಘನ ಅಡಿ. ತೋಡಲು 15, ಸೈಜುಗಲ್ಲು ಕಟ್ಟಲು 120ರಂತೆ 81,000. ಕಟ್ಟುವ ಕೂಲಿ, ಪ್ಲಾಸ್ಟರ್, ಕಂಬ ಎಲ್ಲ ಸೇರಿ 1,27,500. ಒಟ್ಟು 2,36,850.

ನನಗೆ ಇದೇ ಹಿಡಿಸಿತು, ಯಾಕೆಂದರೆ ತಪ್ಪಿದ್ದರೆ ಎಲ್ಲಿ ಅಂತ ಬೆರಳಿಟ್ಟು ತೋರಿಸಬಹುದು. ನಿಮ್ಮದು ಎರೆ ನೆಲವಾಗಿದ್ದು ಪಾಯ 4 ಅಡಿಗೆ ಇಳಿಸಬೇಕಾದರೆ, 360 ಘನ ಅಡಿ ಹೆಚ್ಚು, 48,600 ರೂಪಾಯಿ ಹೆಚ್ಚು. ಅಡಿ ದರದಲ್ಲಿ ಇದು ಕಾಣುವುದೇ ಇಲ್ಲ. ಆದರೆ ಇಂಥ ಪಟ್ಟಿಯಲ್ಲಿ ಬರೆಯದೇ ಬಿಟ್ಟದ್ದು ಸೊನ್ನೆ ಅಂತಲೇ ಕೂಡಿಕೊಳ್ಳುತ್ತದೆ. ನಿಮ್ಮ ಪಟ್ಟಿಯಲ್ಲಿ ಗೇಟೂ ಇಲ್ಲ, ಬಣ್ಣವೂ ಇಲ್ಲ.

ಮುಂಗಡ ಕೊಡುವ ಮೊದಲು ಸೈಟಿನ ಎರಡು ಮೂಲೆಯಲ್ಲಿ ಗುಂಡಿ ತೋಡಿಸಿ. ಎರಡೂವರೆ ಅಡಿಗೆ ಗರಸು ಸಿಕ್ಕರೆ ಮೂರನೆಯವರ ಲೆಕ್ಕಕ್ಕೆ ಗೇಟು, ಬಣ್ಣ ಸೇರಿಸಿ ಮಾತಾಡಿ. ನಾಲ್ಕಡಿಗೂ ಕಪ್ಪು ಮಣ್ಣೇ ಬಂದರೆ ಪಾಯ ಹೇಗಿರಬೇಕು ಅಂತ ಎಂಜಿನಿಯರಿಗೆ ತೋರಿಸಿ, ಆಮೇಲೆ ದರ ಕೇಳಿ.