ಜಾತ್ರೆಯಲ್ಲಿ ನಡೆದ ಜಗಳಕ್ಕೆ ಕಾರ್ಖಾನೆಯಿಂದ ನೋಟಿಸ್

"ಭಾನುವಾರ ಊರ ಜಾತ್ರೆಯಲ್ಲಿ ಹೊಲದ ಬದುವಿನ ವಿಚಾರಕ್ಕೆ ನಮ್ಮ ಸೂಪರ್‌ವೈಸರ್ ಜೊತೆ ಕೈಕೈ ಮಿಲಾಯಿಸಿತು. ಈಗ ಕಾರ್ಖಾನೆಯವರು ಕಾರಣ ಕೇಳಿ ನೋಟಿಸ್ ಕೊಟ್ಟಿದ್ದಾರೆ. ರಜೆಯ ದಿನ ಹೊರಗೆ ನಡೆದದ್ದಕ್ಕೆ ಇವರು ಕ್ರಮ ಕೈಗೊಳ್ಳಬಹುದೇ?"

ಕೈಗೊಳ್ಳಬಹುದು, ಆದರೆ ಜಗಳಕ್ಕೂ ಕೆಲಸಕ್ಕೂ ನಂಟಿದ್ದರೆ ಮಾತ್ರ. ನೀವು ಹೇಳಿದಂತೆ ಅದು ಬರೀ ಬದುವಿನ ಜಗಳವಾಗಿದ್ದರೆ ನಿಮ್ಮ ಪಕ್ಷ ಗಟ್ಟಿಯಾಗಿದೆ. ಕಾರ್ಮಿಕರ ಪರವಾಗಿ ಇಂಥ ವಿಚಾರಣೆಗಳಲ್ಲಿ ಕುಳಿತವನಾಗಿ ಹೇಳುತ್ತಿದ್ದೇನೆ.

ಮೊದಲು ನೋಟಿಸಿನಲ್ಲಿ ಸ್ಥಾಯಿ ಆದೇಶದ, ಅಂದರೆ ಕಾರ್ಖಾನೆಯ ಸೇವಾ ನಿಯಮಗಳ, ಯಾವ ಕಲಮನ್ನು ನಮೂದಿಸಿದ್ದಾರೆ ನೋಡಿ, ಆ ಆದೇಶದ ಪ್ರತಿಯನ್ನು ಬರವಣಿಗೆಯಲ್ಲಿ ಕೇಳಿ ಪಡೆಯಿರಿ. ಎಲ್ಲವೂ ಅದರ ಪದಗಳ ಮೇಲೆ ನಿಂತಿದೆ. "ಕಾರ್ಖಾನೆಯ ಆವರಣದಲ್ಲಿ ಅಥವಾ ಅದರ ಸಮೀಪದಲ್ಲಿ" ನಡೆದ ದುರ್ನಡತೆ ಎಂದಿದ್ದರೆ ಊರ ಜಾತ್ರೆ ಅದರೊಳಗೆ ಬರುವುದಿಲ್ಲ. ಗ್ಲ್ಯಾಕ್ಸೋ ಪ್ರಕರಣದಲ್ಲಿ ಕಾರ್ಖಾನೆಯಿಂದ ದೂರದಲ್ಲಿ, ಬಸ್ಸಿನಲ್ಲಿ ಸಹೋದ್ಯೋಗಿಗಳ ಮೇಲೆ ಹಲ್ಲೆ ಮಾಡಿದ ಆರೋಪವಿತ್ತು. ಇಂಥ ಪದಗಳನ್ನು ಎಳೆದು ಹಿಗ್ಗಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 1983ರಲ್ಲಿ ಹೇಳಿತು.

ನಿಮ್ಮಲ್ಲಿ "ಕಾರ್ಖಾನೆಯ ಒಳಗೆ ಅಥವಾ ಹೊರಗೆ" ಎಂದಿದ್ದರೆ ಲೆಕ್ಕ ಬೇರೆ. ಟಾಟಾ ಆಯಿಲ್ ಮಿಲ್ಸ್ ಪ್ರಕರಣದಲ್ಲಿ ಇಂಥದೇ ನಿಯಮವಿತ್ತು. ಅಂಥ ನಿಯಮವಿದ್ದರೂ ಸಂಪೂರ್ಣ ಖಾಸಗಿಯಾದ, ವೈಯಕ್ತಿಕ ಜಗಳ ಅದರ ವ್ಯಾಪ್ತಿಗೆ ಬರುವುದಿಲ್ಲ, ಕೆಲಸದೊಂದಿಗೆ ಸಂಬಂಧ ಇರಲೇಬೇಕು ಎಂದಿತು ನ್ಯಾಯಾಲಯ. ಆದರೆ ಅಲ್ಲಿ ಹೊಡೆತ ತಿಂದವನು ಕಂಪನಿಯ ಪ್ರೋತ್ಸಾಹಧನ ಯೋಜನೆಯ ಪರವಾಗಿದ್ದವನು. ಹೊಡೆದದ್ದೂ ಅದಕ್ಕಾಗಿಯೇ. ಹಾಗಾಗಿ ವಜಾ ಊರ್ಜಿತವಾಯಿತು.

ಆದ್ದರಿಂದ ನಿಮ್ಮನ್ನು ನೀವೇ ಕೇಳಿಕೊಳ್ಳಬೇಕಾದದ್ದು ಒಂದೇ: ಆ ಸಿಟ್ಟಿನಲ್ಲಿ ಕಾರ್ಖಾನೆಯ ಮಾತು ಬಂದಿತ್ತೇ? "ಅವತ್ತು ನನ್ನ ಓವರ್‌ಟೈಮ್ ತಪ್ಪಿಸಿದವನು ನೀನೇ" ಎಂದು ಒಂದು ಮಾತು ಬಾಯಿಂದ ಬಿದ್ದಿದ್ದರೂ, ಅದನ್ನು ಕೇಳಿಸಿಕೊಂಡ ಸಾಕ್ಷಿ ಇದ್ದರೆ, ಆಡಳಿತ ವರ್ಗ ಅದನ್ನೇ ಹಿಡಿದುಕೊಳ್ಳುತ್ತದೆ. ಎದುರಿನವರು ಸೂಪರ್‌ವೈಸರ್ ಎಂಬ ಕಾರಣಕ್ಕಷ್ಟೇ ನಂಟು ಹುಟ್ಟುವುದಿಲ್ಲ. ಬದುವಿನ ತಕರಾರು ಹಳೆಯದಾಗಿದ್ದರೆ ಸರ್ವೆ ಅರ್ಜಿಯೋ ಪಂಚಾಯಿತಿಗೆ ಕೊಟ್ಟ ದೂರೋ ಇರುತ್ತದೆ, ಅದರ ನಕಲನ್ನು ಉತ್ತರಕ್ಕೆ ಲಗತ್ತಿಸಿ.

ಬಹಳ ಮಂದಿ ಕೈಯಾರೆ ಕೆಲಸ ಕಳೆದುಕೊಳ್ಳುವುದು ಇಲ್ಲೇ. ಮಾನವ ಸಂಪನ್ಮೂಲ ವಿಭಾಗದವರು "ಒಂದು ಕ್ಷಮಾಪಣೆ ಪತ್ರ ಬರೆದುಕೊಡಿ, ಮುಗಿಸಿಬಿಡೋಣ" ಎನ್ನುತ್ತಾರೆ. ಕಾರ್ಮಿಕರು "ತಪ್ಪಾಯಿತು, ಇನ್ನು ಹೀಗೆ ಮಾಡುವುದಿಲ್ಲ" ಎಂದು ಬರೆದು ಸಹಿ ಹಾಕುತ್ತಾರೆ. ಆಮೇಲೆ ವಿಚಾರಣೆಯಲ್ಲಿ ಅದೇ ತಪ್ಪೊಪ್ಪಿಗೆಯಾಗಿ ಎದುರಿಗೆ ಬರುತ್ತದೆ. ದಯವಿಟ್ಟು ಅಂಥದ್ದಕ್ಕೆ ಸಹಿ ಹಾಕಬೇಡಿ. ಘಟನೆ ನಡೆದ ದಿನ ಮತ್ತು ಸ್ಥಳ, ಅಂದು ವಾರದ ರಜೆ ಎಂಬುದು, ಜಗಳದ ಕಾರಣ, ಇಷ್ಟನ್ನು ಬರೆದು "ಆರೋಪವನ್ನು ನಿರಾಕರಿಸುತ್ತೇನೆ" ಎಂದು ಸ್ಪಷ್ಟವಾಗಿ ಹೇಳಿ. ಗಡುವಿನೊಳಗೆ ಕೊಟ್ಟು, ನಿಮ್ಮ ಪ್ರತಿಯ ಮೇಲೆ ಸ್ವೀಕೃತಿಯ ಮುದ್ರೆ ಹಾಕಿಸಿಕೊಳ್ಳಿ.

ಸೂಪರ್‌ವೈಸರ್ ಪೊಲೀಸರಿಗೆ ದೂರು ಕೊಟ್ಟರೆ ಅದು ಬೇರೆಯೇ ಹಾದಿ, ಕಾರ್ಖಾನೆ ಸುಮ್ಮನಾದರೂ ಅದು ನಿಲ್ಲುವುದಿಲ್ಲ. ಹಾಗೇನಾದರೂ ಆಗಿದ್ದರೆ ನೋಟಿಸಿಗೆ ಉತ್ತರ ಬರೆಯುವ ಮೊದಲು ವಕೀಲರನ್ನು ಕಾಣಿ, ಏಕೆಂದರೆ ಇಲ್ಲಿ ಬರೆದದ್ದನ್ನು ಅಲ್ಲಿಯೂ ಬಳಸಲು ನೋಡುತ್ತಾರೆ.