ಸಿಂಪಥಿ, ಎಂಪಥಿ ಮತ್ತು ಒಂದು ಸಂತಾಪ ಪತ್ರ

“ಸಂಪಾದಕರಿಗೆ ನಮಸ್ಕಾರ. ನಮ್ಮ ಕನ್ನಡ ಸಂಘದಲ್ಲಿ ಸಾವಾದವರ ಮನೆಗೆ ಸಂತಾಪ ಪತ್ರ ಬರೆಯುವ ಕೆಲಸ ನನ್ನ ಪಾಲಿಗೆ ಬಂದಿದೆ. ಮೊನ್ನೆ ಬರೆದದ್ದನ್ನು ಓದಿ ನನ್ನ ಮಗಳು, ‘ಅಮ್ಮಾ, ಇದರಲ್ಲಿ ಸಿಂಪಥಿ ಇದೆ, ಎಂಪಥಿ ಇಲ್ಲ’ ಅಂದಳು. ನಾವು ಎರಡಕ್ಕೂ ಸಹಾನುಭೂತಿ ಅಂತಲೇ ಅನ್ನುತ್ತೇವಲ್ಲ? ನಿಜವಾಗಿ ವ್ಯತ್ಯಾಸ ಏನು, ಬರೆಯುವಾಗ ಅದು ಎಲ್ಲಿ ಕಾಣುತ್ತದೆ?”
— ಓದುಗರೊಬ್ಬರು, ಡೊಂಬಿವಲಿ

ನಿಮ್ಮ ಮಗಳು ಹೇಳಿದ್ದು ಅರ್ಧ ಸರಿ. ಇನ್ನರ್ಧಕ್ಕೆ ಆಮೇಲೆ ಬರೋಣ.

ಇನ್ನೊಬ್ಬರ ಕಷ್ಟ ಕಂಡು ನಮ್ಮಲ್ಲಿ ಹುಟ್ಟುವ ಮರುಕ, ಅವರಿಗೆ ಒಳ್ಳೆಯದಾಗಲಿ ಎಂಬ ಹಾರೈಕೆ, ಇದು ಸಿಂಪಥಿ. ಅವರ ಮನಸ್ಸಿನಲ್ಲಿ ಏನು ನಡೆದಿದೆ ಎಂದು ಸ್ವಲ್ಪವೂ ಗೊತ್ತಿಲ್ಲದಿದ್ದರೂ ಅದು ಹುಟ್ಟುತ್ತದೆ. ಎಂಪಥಿ ಬೇರೆ. ಅವರ ಕಷ್ಟ ಅವರಿಗೆ ಹೇಗೆ ಕಾಣುತ್ತಿದೆಯೋ ಹಾಗೆಯೇ ಅದನ್ನು ನಾವು ಗ್ರಹಿಸುವುದು ಎಂಪಥಿ. ಹಾಗಾಗಿಯೇ ಎಂಪಥಿ ಸುಳ್ಳಾಗಬಹುದು, ಸಿಂಪಥಿ ಸುಳ್ಳಾಗುವುದಿಲ್ಲ. “ಸುದ್ದಿ ಕೇಳಿ ನನಗೆ ಬೇಸರವಾಯಿತು” ಎಂದರೆ ಯಾರೂ ಅಲ್ಲಗಳೆಯಲಾರರು, ಅದು ನಿಮ್ಮ ಬೇಸರ. “ನಿಮಗೆ ದಿಕ್ಕೇ ತೋಚದಂತಾಗಿರಬೇಕು” ಎಂದಿರೋ, ಎದುರಿನವರು ಮನಸ್ಸಿನಲ್ಲೇ “ಇಲ್ಲವಲ್ಲ” ಎನ್ನಬಹುದು.

ಇಂಗ್ಲಿಷಿನವರಿಗೂ ಈ ಗೊಂದಲ ಹೊಸದಲ್ಲ. ಅರ್ಥಶಾಸ್ತ್ರದಿಂದ ಹೆಸರಾದ ಆಡಂ ಸ್ಮಿತ್ 1759ರಲ್ಲಿ, ಹಿಂಸೆಗೊಳಗಾದ ಸೋದರನ ಜಾಗದಲ್ಲಿ ನಮ್ಮನ್ನು ಕಲ್ಪಿಸಿಕೊಂಡಾಗಲೇ ಅವನ ನೋವು ನಮಗೆ ತಟ್ಟುತ್ತದೆ ಎಂದು ಬರೆದ. ಇಂದು ಎಂಪಥಿ ಎನ್ನಬಹುದಾದ ಇದಕ್ಕೆ ಅವನು ಬಳಸಿದ್ದು ಸಿಂಪಥಿ ಎಂಬ ಮಾತನ್ನೇ, ಇನ್ನೊಂದು ಆಗ ಇರಲೇ ಇಲ್ಲ. ಕಲಾಕೃತಿಯೊಳಗೆ ನೋಡುಗನ ಭಾವ ಹೊಕ್ಕುವುದಕ್ಕೆ ಜರ್ಮನಿಯ ಸೌಂದರ್ಯಶಾಸ್ತ್ರಜ್ಞರು ಬಳಸುತ್ತಿದ್ದ ‘ಐನ್‌ಫ್ಯೂಲುಂಗ್’ ಎಂಬ ಪದಕ್ಕೆ ಸಾಟಿಯಾಗಿ 1909ರಲ್ಲಿ ಎಡ್ವರ್ಡ್ ಟಿಚ್ನರ್ ಎಂಬ ಮನಶ್ಶಾಸ್ತ್ರಜ್ಞ ಎಂಪಥಿಯನ್ನು ಟಂಕಿಸಿದ. ಕನ್ನಡದಲ್ಲಿ ಈಗ ಪರಾನುಭೂತಿ, ಸಮಾನುಭೂತಿ ಎಂದು ಬರೆಯುವವರಿದ್ದಾರೆ. ಸಿಂಪಥಿಗೆ ನಮ್ಮ ಮರುಕ, ಕನಿಕರಗಳೇ ಸಾಕು ಎಂದು ನನ್ನ ಎಣಿಕೆ. ಅನುಕಂಪ ಎಂಬುದನ್ನಂತೂ ಕರ್ನಾಟಕದಲ್ಲೂ ಮಹಾರಾಷ್ಟ್ರದಲ್ಲೂ ಸರ್ಕಾರಿ ಕಚೇರಿಗಳು ನೌಕರಿಯ ಫೈಲಿಗೆ ಸೇರಿಸಿಬಿಟ್ಟಿವೆ.

ನಿಮ್ಮ ಕೆಲಸಕ್ಕೆ ಬೇಕಾದ ಮುಖ್ಯ ಸಂಗತಿ ಇನ್ನು ಮುಂದಿದೆ. ಇನ್ನೊಬ್ಬರ ಜಾಗದಲ್ಲಿ ನಿಂತು ನೋಡುವುದರಲ್ಲೇ ಎರಡು ಬಗೆ. “ಅಲ್ಲಿ ನಾನಿದ್ದರೆ ನನಗೆ ಹೇಗಾಗುತ್ತಿತ್ತು?” ಎಂಬುದು ಒಂದು. “ಅಲ್ಲಿರುವ ಅವರಿಗೆ ಹೇಗಾಗುತ್ತಿದೆ?” ಎಂಬುದು ಇನ್ನೊಂದು. ಅಮೆರಿಕದ ಮನಶ್ಶಾಸ್ತ್ರಜ್ಞ ಡೇನಿಯಲ್ ಬ್ಯಾಟ್ಸನ್ ಮತ್ತು ಸಂಗಡಿಗರು 1997ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಕಷ್ಟದಲ್ಲಿದ್ದ ಯುವತಿಯೊಬ್ಬಳ ಸಂದರ್ಶನವನ್ನು ವಿದ್ಯಾರ್ಥಿಗಳಿಗೆ ಕೇಳಿಸಿದರು. ಕೆಲವರಿಗೆ ಅವಳಿಗೆ ಹೇಗನಿಸುತ್ತಿದೆ ಎಂದು ಊಹಿಸಲು ಹೇಳಿದ್ದರು, ಕೆಲವರಿಗೆ ತಮಗೇ ಹಾಗಾಗಿದ್ದರೆ ಎಂದು ಊಹಿಸಲು. ಇಬ್ಬರಲ್ಲೂ ಮರುಕ ಹುಟ್ಟಿತು. ಆದರೆ ತಮ್ಮನ್ನೇ ಊಹಿಸಿಕೊಂಡವರಲ್ಲಿ ಅದರ ಜೊತೆಗೆ ಸ್ವಂತ ತಳಮಳವೂ ಎದ್ದಿತು. ತಳಮಳಗೊಂಡವನಿಗೆ ಮೊದಲು ಬೇಕಾಗುವುದು ತನ್ನ ತಳಮಳ ಇಳಿಯುವುದು. ಸಾವಿನ ಮನೆಯಲ್ಲಿ “ಅಳಬೇಡಿ, ಅಳಬೇಡಿ” ಎನ್ನುವವರಲ್ಲಿ ಎಷ್ಟೋ ಮಂದಿ ಆ ಅಳುವನ್ನು ನೋಡಲಾಗದವರೇ.

ಇದನ್ನು ಕಾಗದದ ಮೇಲೆ ನೋಡೋಣ. ಮುಂಬಯಿಯ ಫೋರ್ಟಿನ ಹೋಟೆಲೊಂದರಲ್ಲಿ ಗಲ್ಲಾದ ಮೇಲೆ ಕೂರುವ ಕುಂದಾಪುರದ ಕಡೆಯ ಒಬ್ಬರು ಇದ್ದಾರೆ ಎಂದಿಟ್ಟುಕೊಳ್ಳಿ. ಬೆಳಿಗ್ಗೆ ತಾಯಿ ತೀರಿಕೊಂಡ ಸುದ್ದಿ ಬಂತು. ರೈಲಿನಲ್ಲಿ ಹೋದರೆ ಒಂದು ರಾತ್ರಿಯ ದಾರಿ. ಅಷ್ಟು ಹೊತ್ತು ಕಾಯದೆ ಅಣ್ಣ ಸಂಜೆಯೊಳಗೇ ಸಂಸ್ಕಾರ ಮುಗಿಸಿದ. ಇವರು ಹೊರಡಲಿಲ್ಲ, ಉತ್ತರಕ್ರಿಯೆಗೆ ಹೋಗುವವರಿದ್ದಾರೆ.

ಮರುಕದಿಂದ ಬರೆದರೆ ಪತ್ರ ಹೀಗಿರುತ್ತದೆ: “ನಿಮ್ಮ ತಾಯಿಯವರು ತೀರಿಕೊಂಡ ಸುದ್ದಿ ತಿಳಿದು ದುಃಖವಾಯಿತು. ಅವರ ಆತ್ಮಕ್ಕೆ ಸದ್ಗತಿ ಸಿಗಲಿ, ನಿಮಗೂ ಮನೆಯವರಿಗೂ ಇದನ್ನು ತಾಳಿಕೊಳ್ಳುವ ಶಕ್ತಿ ಬರಲಿ.” ತಪ್ಪೇನೂ ಇಲ್ಲ. ಹೆಸರು ಬದಲಿಸಿದರೆ ಯಾರ ಮನೆಗಾದರೂ ಹೋಗುತ್ತದೆ, ಅಷ್ಟೇ. ಮಗಳಿಗೆ ಕಂಡ ಕೊರತೆ ಇದೇ ಇರಬೇಕು.

ಎಂಪಥಿ ತರಲು ಹೋದವರು ಸಾಮಾನ್ಯವಾಗಿ ಹೀಗೆ ಬರೆಯುತ್ತಾರೆ: “ಹೆತ್ತ ತಾಯಿಯ ಮುಖವನ್ನು ಕೊನೆಗೊಮ್ಮೆ ನೋಡಲಾಗಲಿಲ್ಲವೆಂದರೆ ಎಂಥ ಸಂಕಟ! ನಾನಾಗಿದ್ದರೆ ತಡೆದುಕೊಳ್ಳುತ್ತಿರಲಿಲ್ಲ.” ಇದು ಮೊದಲ ಬಗೆಯ ಊಹೆ. ಸಂಕಟ ಬರೆದವರದು, ಅದನ್ನು ಹೊರಬೇಕಾದವರು ಓದುವವರು. ನಾನಾಗಿದ್ದರೆ ತಡೆಯುತ್ತಿರಲಿಲ್ಲ ಎಂಬುದಕ್ಕೆ, ನೀವು ಹೇಗೋ ತಡೆದುಕೊಂಡಿರಲ್ಲ ಎಂಬ ಚುಚ್ಚೂ ಅಂಟಿಕೊಂಡಿದೆ.

ಎರಡನೆಯ ಬಗೆಗೆ ಊಹೆಯಷ್ಟೇ ಸಾಲದು, ಕೇಳಬೇಕು. ಫೋನಿನಲ್ಲಿ ಅವರು ಎರಡು ಸಲ “ಅಣ್ಣ ಕಾಯಬಹುದಿತ್ತು” ಎಂದರು, ರಜೆಯ ಮಾತೆತ್ತಿದರು ಎನ್ನಿ. ಅಲ್ಲಿಗೆ ದುಃಖದೊಳಗೆ ಸಿಟ್ಟೂ ಇದೆ, ಮುಂದಿನ ಪ್ರಯಾಣದ ಚಿಂತೆಯೂ ಇದೆ ಎಂದಾಯಿತು. ಆದರೆ ಆ ಸಿಟ್ಟನ್ನು ಸಂಘದ ಪತ್ರದಲ್ಲಿ ಕಾಣಿಸಬಾರದು, ಆ ಪತ್ರವನ್ನು ನಾಳೆ ಅಣ್ಣನೂ ಓದುತ್ತಾನೆ. ಅವರ ಜಾಗದಿಂದ ನೋಡಿದವರಿಗೆ ಇದೂ ಹೊಳೆಯಬೇಕು. ಆಗ ಪತ್ರ ಹೀಗಾಗುತ್ತದೆ: “ನೀವು ಹೊರಡುವ ಮೊದಲೇ ಊರಿನಲ್ಲಿ ಎಲ್ಲ ಮುಗಿಯಿತೆಂದು ತಿಳಿಯಿತು. ಅಮ್ಮನನ್ನು ಕಳೆದುಕೊಂಡ ಹೊತ್ತಿನಲ್ಲಿ ನೀವು ಇಷ್ಟು ದೂರ ಇರಬೇಕಾಯಿತು. ಉತ್ತರಕ್ರಿಯೆಗೆ ಹೋಗಿ ಬರುವವರೆಗೆ ಇಲ್ಲಿ ಆಗಬೇಕಾದ್ದು ಏನಿದ್ದರೂ ನಮಗೆ ಹೇಳಿ.” ಇದರಲ್ಲಿ ಭಾವದ ಹೆಸರು ಒಂದೂ ಇಲ್ಲ. “ನಿಮ್ಮ ನೋವು ನನಗೆ ಅರ್ಥವಾಗುತ್ತದೆ” ಎಂಬ ಮಾತೂ ಬೇಕಾಗಲಿಲ್ಲ. ಅರ್ಥವಾದದ್ದನ್ನು ಅವರಿಗೆ ಮಾತ್ರ ಸಲ್ಲುವ ಒಂದು ವಿವರವೇ ತೋರಿಸುತ್ತದೆ. ಸಿಟ್ಟಿನ ಮಾತು ಫೋನಿನಲ್ಲೇ ಉಳಿಯಿತು.

ಜಾರುವ ಜಾಗ ಇನ್ನೊಂದಿದೆ. “ಸದ್ಯ, ಹೆಚ್ಚು ನರಳಲಿಲ್ಲವಲ್ಲ”, “ವಯಸ್ಸೂ ಆಗಿತ್ತು ಬಿಡಿ”. ಇವೇ ಮಾತನ್ನು ಅವರಾಗಿ ಆಡಿದರೆ ಹೌದೆನ್ನುವುದು ಎಂಪಥಿ. ನಾವು ಮೊದಲೇ ಆಡಿಬಿಟ್ಟರೆ, ನಿಮ್ಮ ದುಃಖ ಇಷ್ಟೇ ಇರಲಿ ಎಂದು ಗಡಿ ಹಾಕಿದಂತೆ. ಅಲ್ಲಿಂದಾಚೆ ಅವರು “ಹ್ಞೂಂ, ಹೌದು” ಎಂದು ಸುಮ್ಮನಾಗುತ್ತಾರೆ. ಮಾತು ನಿಂತಿತೆಂದರೆ ಎಡವಿದ್ದೇವೆ ಎಂದು ತಿಳಿಯಬಹುದು.

ಇನ್ನುಳಿದ ಅರ್ಧ. ಈಗೀಗ ಆಫೀಸುಗಳ ತರಬೇತಿಗಳಲ್ಲಿ ಸಿಂಪಥಿ ಕೀಳು, ಎಂಪಥಿ ಮೇಲು ಎಂಬಂತೆ ಪಾಠ ಹೇಳುತ್ತಾರೆ. ಅದನ್ನು ನಾನು ಒಪ್ಪುವುದಿಲ್ಲ. ಪೊಲೀಸರ ಸೋಗಿನಲ್ಲಿ ಫೋನು ಮಾಡಿ, ನಿಮ್ಮನ್ನು ಡಿಜಿಟಲ್ ಅರೆಸ್ಟ್ ಮಾಡಿದ್ದೇವೆ ಎಂದು ಹೆದರಿಸಿ ವಯಸ್ಸಾದವರ ಹಣ ದೋಚುವವನನ್ನು ನೋಡಿ. ಅವರಿಗೆ ಯಾವ ಕ್ಷಣದಲ್ಲಿ ಎಷ್ಟು ಭಯವಾಗುತ್ತದೆ ಎಂಬುದು ಅವನಿಗೆ ಚೆನ್ನಾಗಿ ಗೊತ್ತು. ಒಳಮನಸ್ಸನ್ನು ಓದುವ ಕಲೆ ಅವನಲ್ಲಿ ತುಂಬಿದೆ, ಮರುಕ ಒಂದಿಷ್ಟೂ ಇಲ್ಲ. ಓದಿ ತಿಳಿದದ್ದನ್ನು ಒಳಿತಿಗೆ ತಿರುಗಿಸುವುದು ಮರುಕವೇ.

ಅದಲ್ಲದೆ ನೀವು ಬರೆಯುವ ಎಷ್ಟೋ ಮನೆಗಳು ನಿಮಗೆ ಹೆಸರಿನಿಂದಷ್ಟೇ ಗೊತ್ತು. ತೀರಿಕೊಂಡ ಗಂಡನ ಜೊತೆ ಆಕೆ ಹೇಗೆ ಬಾಳಿದರು, ಇಪ್ಪತ್ತು ವರ್ಷ ಮಾತು ಬಿಟ್ಟಿದ್ದರೋ ಏನೋ, ನಿಮಗೆ ತಿಳಿಯದು. ಅಲ್ಲಿ ಎಂಪಥಿಯೆಂದು ಬರೆದದ್ದೆಲ್ಲ ಬರೀ ಊಹೆ. ಅಂಥ ಕಡೆ ಮೂರು ಸಾಲಿನ ಸಿಂಪಥಿ ಪತ್ರವೇ ಮರ್ಯಾದೆಯದು, ಅದನ್ನು ಕಳಿಸಲು ಅಳುಕಬೇಡಿ. ಪರಿಚಯದ ಮನೆಯಾದರೆ ಬರೆಯುವ ಮೊದಲು ಒಂದು ಫೋನು ಮಾಡಿ. “ಹೇಗಾಯಿತು?” ಎಂದು ಕೆದಕುವ ಬದಲು “ಈಗ ಮನೆಯಲ್ಲಿ ಯಾರ್ಯಾರಿದ್ದೀರಿ, ಮುಂದಿನ ಕಾರ್ಯ ಎಲ್ಲಿ?” ಎಂದಷ್ಟೇ ಕೇಳಿ. ಹೇಳಬೇಕೆನಿಸಿದ್ದನ್ನು ಅವರೇ ಹೇಳುತ್ತಾರೆ. ಅದರಲ್ಲಿ ಒಂದೇ ಒಂದು ವಿವರವನ್ನು, ಮನೆಯವರೆಲ್ಲ ಓದಬಹುದಾದದ್ದನ್ನು, ಆರಿಸಿಕೊಂಡು ಬರೆಯಿರಿ.