ಎರಡು ಹಿಂಜ್‌ನ ಪೋರ್ಟಲ್ ಫ್ರೇಮ್: ಫೋರ್ಸ್ ಮೆಥಡ್

ಪ್ರಶ್ನೆ: ಪೀಣ್ಯದ ಶೆಡ್‌ಗಳಲ್ಲಿರೋ ಥರ ಎರಡೂ ಬುಡ ಹಿಂಜ್ ಇರುವ ಪೋರ್ಟಲ್ ಫ್ರೇಮ್‌ಗೆ ಎಡ ಮೇಲ್ಮೂಲೆಯಲ್ಲಿ ಅಡ್ಡ ಲೋಡ್ ಬಂದರೆ ಬುಡದ ಅಡ್ಡ ರಿಯಾಕ್ಷನ್ ಹೇಗೆ ತೆಗೆಯೋದು?

ಉತ್ತರ: ಕಂಬ 4 ಮೀಟರ್, ಬೀಮ್ 6 ಮೀಟರ್, ಲೋಡ್ ಬಲಕ್ಕೆ 20 ಕಿಲೋನ್ಯೂಟನ್, EI ಎಲ್ಲೆಡೆ ಒಂದೇ ಅಂದುಕೊಳ್ಳಿ. ಬಲ ಬುಡವನ್ನು ರೋಲರ್ ಮಾಡಿ, ಅಲ್ಲಿನ ಅಡ್ಡ ಬಲವನ್ನು ಎಡಮುಖವಾಗಿ X ಎಂದಿಡಿ. ಒಳಬದಿ ಎಳೆತ ಪ್ಲಸ್.

ಲೋಡ್‌ನಿಂದ ಮೊಮೆಂಟ್ ಎಡ ಕಂಬದಲ್ಲಿ 20y; y ಅಂದರೆ ಬುಡದಿಂದ ಎತ್ತರ. ಬೀಮ್‌ನಲ್ಲಿ 80ರಿಂದ ಸೊನ್ನೆಗೆ ಇಳಿಯುತ್ತದೆ. ಬಲ ಕಂಬದಲ್ಲಿ ಏನೂ ಇಲ್ಲ. X = 1 ಇಟ್ಟರೆ ಕಂಬಗಳಲ್ಲಿ −y, ಬೀಮ್ ಉದ್ದಕ್ಕೂ −4. ಲೋಡ್‌ನ ಮೊಮೆಂಟನ್ನು X = 1ರ ಮೊಮೆಂಟ್‌ನಿಂದ ಗುಣಿಸಿ ಇಂಟಿಗ್ರೇಟ್ ಮಾಡಿದರೆ ಲೋಡ್‌ನಿಂದ ರೋಲರ್ ಸರಿಯುವ Δ, X = 1ರದ್ದನ್ನು ಅದರಿಂದಲೇ ಗುಣಿಸಿದರೆ δ. ಬುಡ ನಿಜವಾಗಿ ಸರಿಯುವುದಿಲ್ಲ, ಹಾಗಾಗಿ Δ + Xδ = 0:

```
Δ = −(426.67 + 960)/EI = −1386.67/EI
δ = (42.67 + 96)/EI = 138.67/EI
X = −Δ/δ = 10 kN
```

ಎಡ ಮೂಲೆಯಲ್ಲಿ 80 − 40 = +40, ಬಲ ಮೂಲೆಯಲ್ಲಿ −40 ಕಿಲೋನ್ಯೂಟನ್ ಮೀಟರ್; ಬೀಮ್ ನಡುವೆ ಸೊನ್ನೆ.

ಇಲ್ಲೊಂದು ಮೋಸ ಇದೆ. ಬೀಮ್‌ನ ಪಾಲನ್ನು ಪೂರ್ತಿ ಮರೆತರೂ 426.67/42.67, ಅಂದರೆ ಮತ್ತೆ 10 ಬರುತ್ತದೆ. ಹಾಗಾಗಿ ಅರ್ಧ ಬಂತು ಅಂತ ಲೆಕ್ಕ ಸರಿ ಅನ್ನಬೇಡಿ. ಅದೇ ಲೋಡನ್ನು ಎಡ ಕಂಬದ ನಡುಮಟ್ಟಕ್ಕೆ, 2 ಮೀಟರ್‌ಗೆ, ಇಳಿಸಿ ನೋಡಿ: Δದಲ್ಲಿ ಕಂಬದ್ದು 293.33, ಬೀಮ್‌ನದು 480, X = 5.58. ಬೀಮ್ ಬಿಟ್ಟವರಿಗೆ 6.88 ಬರುತ್ತದೆ, ತಪ್ಪು ಅಲ್ಲೇ ಸಿಕ್ಕಿಬೀಳುತ್ತದೆ.